ಒಂದು ಮಿಲ್ಲಿನ ಕಥೆ, ಏಳು ಸರಿಯಾದ ಫೋನ್ ಕರೆ

ನಮಸ್ಕಾರ. ಗಂಗಾವತಿ, ಕಾರಟಗಿ ಕಡೆ ಮಿಲ್ಲುಗಳಿಗೆ ಯಂತ್ರ, ಬಿಡಿಭಾಗ ಮಾರುವವರೇ ಇಲ್ಲಿ ಜಾಸ್ತಿ ಕಾಣ್ತಿದ್ದೀರಿ. ಹಾಗಾಗಿ ನಿಜವಾಗಿ ಕೊಳ್ಳುವವರ ಫೋನ್ ಬರುವಂತೆ ಬರೆಯುವುದು ಹೇಗೆ ಎಂದು ಇವತ್ತು ಭತ್ತ ಒಣಗಿಸುವ ಡ್ರೈಯರ್ ವಿಷಯವನ್ನೇ ಹಿಡಿದು ಮಾತಾಡುತ್ತೇನೆ.

ಮೊದಲು ನಮ್ಮ ಕಂಪನಿ ಬರೆಯುತ್ತಿದ್ದದ್ದು ಹೀಗೆ: ‘ಅತ್ಯಾಧುನಿಕ ಡ್ರೈಯರ್, ಉತ್ತಮ ಗುಣಮಟ್ಟ.’ ಫೋನ್ ಬರುತ್ತಿತ್ತು. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು, ರೇಟ್ ತಿಳಿಯಲು ಬಂದ ಪೈಪೋಟಿಯವರು, ಸುಮ್ನೆ ಕೇಳುವವರು. ಕೊಳ್ಳುವವರು ಮಾತ್ರ ಇರಲಿಲ್ಲ.

ಆಮೇಲೆ ಒಂದು ಮಿಲ್ಲಿನ ಕೆಲಸವನ್ನು ಎರಡು ಪುಟದ ಕೇಸ್ ನೋಟ್ ಆಗಿ ಬರೆದೆವು. ಗಂಟೆಗೆ 4 ಟನ್ನಿನ ಮಿಲ್ಲು. ಭತ್ತ 22 ಪರ್ಸೆಂಟ್ ತೇವಾಂಶದಲ್ಲಿ ಬರುತ್ತಿತ್ತು. ಅದನ್ನು ಒಂದೇ ಸಲಕ್ಕೆ 13ಕ್ಕೆ ಇಳಿಸುತ್ತಿದ್ದರು. ಜೋರಾಗಿ ಒಣಗಿಸಿದರೆ ಕಾಳಿನ ಹೊರಭಾಗ ಬೇಗ ಒಣಗುತ್ತದೆ, ಒಳಗೆ ತೇವ ಉಳಿಯುತ್ತದೆ. ಆ ಎಳೆತಕ್ಕೆ ಕಾಳಿನೊಳಗೆ ಸಣ್ಣ ಬಿರುಕು ಬೀಳುತ್ತದೆ. ಮುಂದೆ ಪಾಲಿಷರ್‌ನಲ್ಲಿ ಅದು ನುಚ್ಚಾಗುತ್ತದೆ. ಬೈಗುಳ ಮಾತ್ರ ಪಾಲಿಷರ್‌ಗೆ! ನಾವು ಒಣಗಿಸುವುದನ್ನು ಮೂರು ಸುತ್ತು ಮಾಡಿದೆವು. ನಡುವೆ ಭತ್ತವನ್ನು ಬಿನ್‌ನಲ್ಲಿ ಬಿಟ್ಟು, ಕಾಳಿನ ತೇವ ಒಳಗೂ ಹೊರಗೂ ಸಮ ಆಗುವವರೆಗೆ ಕಾದೆವು. ಮೊದಲು 100 ಗ್ರಾಂ ಅಕ್ಕಿಯಲ್ಲಿ 14 ಗ್ರಾಂ ನುಚ್ಚಿತ್ತು, ಆಮೇಲೆ 9 ಆಯಿತು.

ಇಷ್ಟೇ ಬರೆದಿದ್ದರೆ ಅದು ಜಾಹೀರಾತು. ನಾವು ಲೆಕ್ಕವನ್ನೂ ಬರೆದೆವು. 100 ಕ್ವಿಂಟಲ್ ಅಕ್ಕಿಗೆ 5 ಕ್ವಿಂಟಲ್ ಜಾಸ್ತಿ ಇಡೀ ಅಕ್ಕಿ ಉಳಿಯುತ್ತದೆ. ನುಚ್ಚಿಗೂ ಅಕ್ಕಿಗೂ ಕ್ವಿಂಟಲ್‌ಗೆ 1500 ರೂಪಾಯಿ ಅಂತರ ಅಂತ ಹಿಡಿದರೆ 7500 ರೂಪಾಯಿ. ‘ಈ ಅಂತರ ನಿಮ್ಮ ಮಿಲ್ಲಿನ ರೇಟಿಗೆ ಹಾಕಿಕೊಳ್ಳಿ’ ಎಂದು ಜಾಗ ಖಾಲಿ ಬಿಟ್ಟೆವು. ಜೊತೆಗೆ ನಷ್ಟವನ್ನೂ ಬರೆದೆವು: ಒಂದು ಲಾಟ್ ಒಣಗಲು ಸಮಯ ಜಾಸ್ತಿ ಬೇಕು, ಸುಗ್ಗಿಯಲ್ಲಿ ಲಾರಿ ಸಾಲು ನಿಂತಾಗ ಇದು ಕಷ್ಟ, ಬಿನ್‌ಗೆ ಜಾಗ ಇಲ್ಲದ ಮಿಲ್ಲಿಗೆ ಆಗುವುದೇ ಇಲ್ಲ.

ಮಾರಾಟದ ಹುಡುಗರು ಆ ಪ್ಯಾರಾ ತೆಗೀರಿ ಎಂದರು. ನಾನು ಬಿಡಲಿಲ್ಲ. ಒಳ್ಳೆಯ ಕರೆಗಳು ಬಂದದ್ದು ಆ ಪ್ಯಾರಾದಿಂದಲೇ. ‘ಸರ್, ನಮ್ಮಲ್ಲಿ ಜಾಗ ಇಷ್ಟೇ ಇದೆ, ಚಿಕ್ಕ ಬಿನ್ ಆಗುತ್ತಾ?’ ಹೀಗೆ ಕೇಳುವವನು ಕೊಳ್ಳುವ ಹಾದಿಯಲ್ಲಿದ್ದಾನೆ. ‘ರೇಟ್ ಎಷ್ಟು?’ ಅಂತ ಮಾತ್ರ ಕೇಳುವವನು ಇನ್ನೂ ದೂರ.

ಮಿಲ್ ಮಾಲೀಕರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ನಮ್ಮವರು ಹೆಸರು ಬೇಡ, ಅಕ್ಕಿಯ ಬ್ರ್ಯಾಂಡೂ ಬೇಡ ಎಂದರು. ಒಪ್ಪಿಕೊಂಡೆವು. ಅಂಕಿ ಸರಿಯಿದ್ದರೆ ಹೆಸರಿಲ್ಲದೆಯೂ ನಡೆಯುತ್ತದೆ.

ಇದನ್ನೇ ಹಿಡಿದು ವೆಬಿನಾರ್ ಮಾಡಿದೆವು. ಮೊದಲನೆಯದು ಬೆಳಿಗ್ಗೆ 11ಕ್ಕೆ, ಅದೂ ಸುಗ್ಗಿಯ ಸಮಯದಲ್ಲಿ. ಬಂದವರು ನಾಲ್ವರು, ಅದರಲ್ಲಿ ಇಬ್ಬರು ನಮ್ಮವರೇ! ಎರಡನೆಯದನ್ನು ಸುಗ್ಗಿಗೆ ಮುಂಚೆ, ಮಿಲ್ ದುರಸ್ತಿ ಮಾಡಿಸುವ ತಿಂಗಳಲ್ಲಿ, ರಾತ್ರಿ 8ಕ್ಕೆ ಇಟ್ಟೆವು. ಹೆಸರು ಕೊಟ್ಟವರು 60, ಬಂದವರು 22.

ಹೆಸರು ನೋಂದಾಯಿಸುವಾಗ ಮೂರೇ ಪ್ರಶ್ನೆ ಕೇಳಿದ್ದೆವು. ಮಿಲ್ ಎಷ್ಟು ಟನ್ನಿನದು? ಈಗ ಭತ್ತ ಹೇಗೆ ಒಣಗಿಸುತ್ತೀರಿ? ಬದಲಾಯಿಸುವ ಯೋಚನೆ ಯಾವಾಗ? ಮೂರಕ್ಕೂ ಉತ್ತರ ಕೊಟ್ಟು, ಕೊನೆಯವರೆಗೆ ಕೂತು ತನ್ನ ಮಿಲ್ಲಿನ ಬಗ್ಗೆ ಪ್ರಶ್ನೆ ಕೇಳಿದವರು 7 ಜನ. ಮಾರನೆಯ ದಿನ ಅವರಿಗೆ ಮಾತ್ರ ಫೋನ್ ಮಾಡಿದೆವು. ಉಳಿದವರಿಗೆ ಲೇಖನಗಳು ಹೋಗುತ್ತಿದ್ದವು, ಅಷ್ಟೇ. ಲೇಖನದ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವೆಬಿನಾರ್‌ನಲ್ಲಿ ಬಂದ ಒಂದೊಂದು ಪ್ರಶ್ನೆಯೂ ಒಂದೊಂದು ಲೇಖನ.

ಇನ್ನೊಂದು ತಪ್ಪು. ಶುರುವಿನಲ್ಲಿ ಕೇಸ್ ನೋಟ್ ಓದಲು ಫೋನ್ ನಂಬರ್ ಕಡ್ಡಾಯ ಮಾಡಿದ್ದೆವು. ಅರ್ಧ ನಂಬರ್ ಸುಳ್ಳು. ಈಗ ನೋಟ್ ಎಲ್ಲರಿಗೂ ತೆರೆದಿದೆ. ಲೆಕ್ಕ ಹಾಕುವ ಶೀಟ್ ಬೇಕಾದವರಿಗೆ ಮಾತ್ರ ನಂಬರ್ ಕೇಳುತ್ತೇವೆ. ನಂಬರ್ ಕಡಿಮೆ ಬರುತ್ತವೆ, ಆದರೆ ಕೊಟ್ಟವರು ಫೋನ್ ಎತ್ತಿ ಮಾತಾಡುತ್ತಾರೆ.

ಆ 7 ಜನರಲ್ಲಿ ಐವರು ಮಾಲೀಕರಲ್ಲ, ಮಿಲ್ ಆಪರೇಟರ್‌ಗಳು. ನಮ್ಮ ಹುಡುಗರು ‘ಇವರಿಗೆ ಚೆಕ್ ಬರೆಯೋ ಅಧಿಕಾರ ಇಲ್ಲ’ ಎಂದು ಪಟ್ಟಿಯಿಂದ ತೆಗೆಯಲು ಹೊರಟಿದ್ದರು. ಆದರೆ ನುಚ್ಚು ಜಾಸ್ತಿ ಆದಾಗ ಬೈಸಿಕೊಳ್ಳುವವನು ಆಪರೇಟರ್ ಅಲ್ವಾ? ಅದಕ್ಕೇ ಅವರಿಗೆ ಒಂದು ಪುಟದ ಚಿತ್ರ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆವು. ಅದರಲ್ಲಿ 14, 9, 7500 ಮತ್ತು ನಷ್ಟದ ಎರಡು ಸಾಲು, ಅಷ್ಟೇ. ಆಪರೇಟರ್ ಅದನ್ನು ಮಾಲೀಕರ ಮುಂದೆ ಹಿಡಿಯಬೇಕು.

ಐದು ತಿಂಗಳ ನಂತರ ಅವರಲ್ಲೊಬ್ಬರ ಮಾಲೀಕರು ಫೋನ್ ಮಾಡಿದರು. ಡ್ರೈಯರ್ ಬೇಡವಂತೆ. ಎರಡು ಬಿನ್ ಹಾಕಿಕೊಡಿ ಸಾಕು ಎಂದರು.