ರಾಕ್ ವೇದಿಕೆಯ ದೀಪಕ್ಕೆ ಮೋಟಾರ್ ಬಂದ ಮೇಲೆ

ನಮಸ್ಕಾರ. ನನಗೆ ಮುಂಚೆ ಮಾತಾಡಿದವರು ಸ್ಪೀಕರುಗಳ ವಿಷಯ ಹೇಳಿದ್ದರಿಂದ ನನ್ನ ಅರ್ಧ ಕೆಲಸ ಮುಗಿದಿದೆ. 1965ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ 55 ಸಾವಿರ ಜನ ಬೀಟಲ್ಸ್ ನೋಡಲು ಬಂದಾಗ ಹಿಂದಿನ ಸಾಲಿನವರಿಗೆ ಕೇಳಿಸಿದ್ದೂ ಅಷ್ಟಕ್ಕಷ್ಟೆ, ಕಂಡದ್ದೂ ಅಷ್ಟಕ್ಕಷ್ಟೆ. ಕೇಳಿಸುವ ಸಮಸ್ಯೆಯನ್ನು ಮುಂಚೆ ಮಾತಾಡಿದವರು ಬಿಡಿಸಿದರು. ಕಾಣಿಸುವುದು ನನ್ನ ಪಾಲಿಗೆ.

ದೊಡ್ಡ ಬೆಂಕಿ, ದೊಡ್ಡ ದೀಪ ಬಂದದ್ದರಿಂದ ಷೋ ಬೆಳೆಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಾವ ಕ್ಷಣಕ್ಕೆ ಯಾವುದು ಏನು ಮಾಡಬೇಕು ಎನ್ನುವುದು ಒಂದೇ ಕಡೆ ಕೂತವನ ಕೈಗೆ ಬಂತು ನೋಡಿ, ಬೆಳೆದದ್ದು ಅದರಿಂದ.

ಎಪ್ಪತ್ತರ ದಶಕದ ದೀಪ ಎಂದರೆ ಪಾರ್ ಕ್ಯಾನ್. ತಗಡಿನ ಡಬ್ಬಿ, ಒಳಗೆ ಸಾವಿರ ವಾಟ್‌ನ ಬಲ್ಬು, ಎದುರಿಗೆ ನಮ್ಮ ಕಂಪನಿ ನಾಟಕದವರು ಕಟ್ಟುತ್ತಿದ್ದಂಥದೇ ಜಿಲೆಟಿನ್ ಕಾಗದ. ಒಂದು ಡಬ್ಬಿಗೆ ಒಂದೇ ಬಣ್ಣ, ಒಂದೇ ದಿಕ್ಕು. ಹತ್ತು ಜಾಗದಿಂದ ಆರು ಬಣ್ಣ ಬೇಕೆಂದರೆ ಅರವತ್ತು ಡಬ್ಬಿ, ಅರವತ್ತು ಕಿಲೋವಾಟ್, ಮತ್ತೆ ಅಷ್ಟನ್ನೂ ಹೊರುವ ಟ್ರಸ್ ಎಂಬ ಲೋಹದ ಚೌಕಟ್ಟು. ಒಂದು ಗಳಿಗೆಯಲ್ಲಿ ಉರಿಯುವುದು ಹತ್ತೇ. ಉಳಿದ ಐವತ್ತು ಸುಮ್ಮನೆ ತೂಗುತ್ತಿರುತ್ತವೆ. ಗಾಢ ನೀಲಿ ಕಾಗದವಂತೂ ಬೆಳಕಿನ ಬಹುಪಾಲನ್ನು ತಾನೇ ಹೀರಿ, ಬಿಸಿಗೆ ಬಿಳಚಿಕೊಂಡು, ಕೊನೆಗೆ ತೂತು ಬೀಳುತ್ತದೆ. ನೀಲಿಯ ನಡುವೆ ಬಿಳಿ ಚುಕ್ಕೆ ಕಂಡರೆ ಕಾಗದ ಸುಟ್ಟಿದೆ ಎಂದೇ ಲೆಕ್ಕ.

ಟೆಕ್ಸಾಸಿನ ಡಲ್ಲಾಸ್‌ನಲ್ಲಿ ಷೋಕೋ ಎಂಬ ಕಂಪನಿ ಇತ್ತು. ಅವರು ಹೊರಟದ್ದು ಬಣ್ಣ ಬದಲಿಸುವ ದೀಪ ಮಾಡಲು, ಅಷ್ಟೆ. ಕಾಗದದ ಬದಲು ಡೈಕ್ರೋಯಿಕ್ ಗಾಜು ಹಾಕಿದರು. ಅದು ಬೇಡದ ಬಣ್ಣವನ್ನು ಹೀರುವುದಿಲ್ಲ, ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ಸುಡುವುದಿಲ್ಲ. ಗಾಜು ತಿರುಗಿಸಲು ಮೋಟಾರ್ ಇಟ್ಟರು. ಆಮೇಲೊಂದು ದಿನ ಊಟಕ್ಕೆ ಕೂತಾಗ ಅವರ ಎಂಜಿನಿಯರ್ ಜಿಮ್ ಬೋರ್ನ್‌ಹಾರ್ಸ್ಟ್ ಅಂದರಂತೆ: ಇನ್ನೆರಡು ಮೋಟಾರ್ ಸೇರಿಸಿದರೆ ದೀಪವೇ ತಿರುಗುತ್ತದಲ್ಲ? (ನಗು) ಕೇಳಿದವರು ಊಟ ಮರೆತಿರಬೇಕು. 1980ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರ ಹಳೇ ಕೊಟ್ಟಿಗೆಯಲ್ಲಿ ಜೆನೆಸಿಸ್ ತಂಡಕ್ಕೆ ತೋರಿಸಿದರು. ಬಣ್ಣ ಬದಲಾಯಿತು, ತಂಡ ತಲೆಯಾಡಿಸಿತು. ಆಮೇಲೆ ಬೆಳಕಿನ ಕಂಬ ನಿಂತಲ್ಲಿಂದ ಎದ್ದು ಓಡಿತು. ಬಣ್ಣ ಬದಲಾಗುತ್ತದೆಂದು ಗೊತ್ತಿತ್ತು, ಚಲಿಸುತ್ತದೆಂದು ಗೊತ್ತಿರಲಿಲ್ಲ ಎಂದು ತಂಡದ ಗಿಟಾರ್ ವಾದಕ ಮೈಕ್ ರುದರ್‌ಫರ್ಡ್ ಬೆರಗಾದರಂತೆ. ತಂಡ ಹಣ ಹಾಕಿತು. ಮುಂದಿನ ಸೆಪ್ಟೆಂಬರಿನಲ್ಲಿ ಬಾರ್ಸಿಲೋನಾದ ಗೂಳಿಕಾಳಗದ ಅಂಗಳದಲ್ಲಿ ವ್ಯಾರಿ-ಲೈಟ್ ಎಂದು ಹೆಸರಾದ ಆ ದೀಪ ಮೊದಲ ಸಲ ಜನರೆದುರು ತಿರುಗಿತು.

ತಿರುಗುವ ದೀಪಕ್ಕೆ ಆಜ್ಞೆ ಬೇಕಲ್ಲ. ಮೊದಮೊದಲು ಒಬ್ಬೊಬ್ಬ ತಯಾರಕನದೂ ಒಂದೊಂದು ದಾರಿ. 1986ರಲ್ಲಿ ಡಿಎಂಎಕ್ಸ್ 512 ಎಂಬ ಒಪ್ಪಿತ ಮಾನಕ ಬಂತು: ಒಂದು ಕೇಬಲ್ಲಿನಲ್ಲಿ 512 ಚಾನೆಲ್, ಪ್ರತಿಯೊಂದಕ್ಕೂ 0ಯಿಂದ 255ರ ವರೆಗೆ ಒಂದು ಸಂಖ್ಯೆ. ತಿರುಗುವುದಕ್ಕೆ, ಬಣ್ಣಕ್ಕೆ ಎಂದು ದೀಪವೊಂದಕ್ಕೆ 16 ಚಾನೆಲ್ ಬೇಕಾದರೆ ಒಂದು ಸಾಲಿಗೆ 32 ದೀಪ. ದೀಪದ ಮೊದಲ ಚಾನೆಲ್ಲಿನ ಸಂಖ್ಯೆಯೇ ಅದರ ವಿಳಾಸ: ಮೊದಲನೆಯದರದು 1, ಎರಡನೆಯದು 17, ಮೂರನೆಯದು 33. ಎರಡು ದೀಪ ಜೋಡಿ ನೃತ್ಯ ಮಾಡುತ್ತಿದ್ದರೆ ಎರಡಕ್ಕೂ ಒಂದೇ ವಿಳಾಸ ಕೊಟ್ಟಿದ್ದೀರಿ. ದೀಪಗಳು ಸುಮ್ಮಸುಮ್ಮನೆ ನಡುಗುತ್ತಿದ್ದರೆ ಸಾಲಿನ ಕೊನೆಗೆ ಹೋಗಿ ನೋಡಿ: ಟರ್ಮಿನೇಟರ್ ಎಂಬ 120 ಓಮ್‌ನ ರೋಧಕ ಹಾಕದಿದ್ದರೆ ಸಂಕೇತ ತುದಿಗೆ ಬಡಿದು ವಾಪಸು ಬಂದು ಹೊಸ ಸಂಕೇತವನ್ನು ಕೆಡಿಸುತ್ತದೆ. ಅಥವಾ ಯಾರೋ ಮೈಕಿನ ಕೇಬಲ್ ಜೋಡಿಸಿದ್ದಾರೆ. ಕನೆಕ್ಟರ್ ಹೊಂದಿಕೊಳ್ಳಬಹುದು, ಕೇಬಲ್ ಹೊಂದಿಕೊಳ್ಳುವುದಿಲ್ಲ.

ಬೆಂಕಿಯ ವಿಷಯಕ್ಕೂ ನನ್ನದು ಅದೇ ಹಟ. 1992ರ ಆಗಸ್ಟ್ 8, ಮಾಂಟ್ರಿಯಲ್‌ನ ಒಲಿಂಪಿಕ್ ಸ್ಟೇಡಿಯಂ. ಮೆಟಾಲಿಕಾ ತಂಡದ ವೇದಿಕೆಗೆ ಆ ರಾತ್ರಿ ಹೊಸ ಸಿಡಿಮದ್ದು ಸೇರಿಸಿದ್ದರು. ಹಳೆಯದರ ಬದಲು ಹೊಸದು ಎಂದು ತಂಡ ತಿಳಿದಿತ್ತು. ಹಳೆಯದೂ ತನ್ನ ಜಾಗದಲ್ಲೇ ಇತ್ತು. ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ನೇರ ಅದರ ಮೇಲೆ ಹೋಗಿ ನಿಂತರು. ತೋಳು, ಕೈ ಸುಟ್ಟವು. ಮದ್ದು ಕೆಟ್ಟಿರಲಿಲ್ಲ, ಮಾತು ಕೆಟ್ಟಿತ್ತು. ಅದಕ್ಕೇ ಶಿಸ್ತಿನ ಪದ್ಧತಿ ಏನೆಂದರೆ: ಬದಲಾವಣೆ ಆದ ದಿನ ಕಲಾವಿದರನ್ನು ವೇದಿಕೆಯ ಮೇಲೆ ನಡೆಸಿ ಒಂದೊಂದೂ ಜಾಗ ತೋರಿಸಬೇಕು, ಫೈರಿಂಗ್ ಪೆಟ್ಟಿಗೆಯ ಕೀಲಿ ಸಿಡಿಸುವವನ ಜೇಬಿನಲ್ಲೇ ಇರಬೇಕು, ಜಾಗ ಖಾಲಿ ಎಂದು ಕಣ್ಣಾರೆ ನೋಡಿದವನು ಹೇಳದೆ ಗುಂಡಿ ಒತ್ತಬಾರದು. ಸಿಡಿಸಬೇಕಾದ ಕ್ಷಣ ತಪ್ಪಿದರೆ ತಪ್ಪಲಿ, ತಡವಾಗಿ ಸಿಡಿಸುವಂತಿಲ್ಲ. ಎರಡು ಸೆಕೆಂಡ್ ಕಳೆದರೆ ಗಾಯಕ ಬೇರೆ ಕಡೆ ನಿಂತಿರುತ್ತಾನೆ.

ಚೀಟಿ ಬಂತು, ಐದು ನಿಮಿಷವಂತೆ. ವೇದಿಕೆ ವಿನ್ಯಾಸಕ್ಕೆ ಇಟ್ಟುಕೊಂಡ ಹಾಳೆಗಳು ಹಾಗೇ ಉಳಿದವು. ಒಂದನ್ನಷ್ಟೇ ಹೇಳುತ್ತೇನೆ. 2009ರಲ್ಲಿ ಯು2 ತಂಡಕ್ಕೆ ಮೈದಾನದಲ್ಲಿ ಸುತ್ತಲೂ ಜನ ಕೂರಬೇಕಿತ್ತು. ಮಾಮೂಲಿ ಚಾವಣಿ ಹಾಕಿದರೆ ಹಿಂದಿನವರಿಗೆ ಕಂಬಗಳೇ ಕಾಣುತ್ತವೆ. ಷೋ ವಿನ್ಯಾಸಕ ವಿಲ್ಲಿ ವಿಲಿಯಮ್ಸ್ ಮತ್ತು ವಾಸ್ತುಶಿಲ್ಪಿ ಮಾರ್ಕ್ ಫಿಷರ್ ಭಾರವನ್ನೆಲ್ಲ ನಾಲ್ಕು ಕಾಲಿನ ಮೇಲೆ ಹಾಕಿ, ಸ್ಪೀಕರು, ದೀಪ, ಪರದೆ ಮೂರನ್ನೂ ಅದರಿಂದಲೇ ತೂಗುಹಾಕಿದರು. ನಡುವಿನ ಕಂಬ ಸೇರಿ ಎತ್ತರ ಸುಮಾರು 50 ಮೀಟರ್. ಕಟ್ಟಿ ಬಿಚ್ಚಲು ದಿನಗಟ್ಟಲೆ ಬೇಕು, ಪ್ರವಾಸ ಅಷ್ಟು ಕಾಯುವುದಿಲ್ಲ. ಹಾಗಾಗಿ ಉಕ್ಕಿನ ಚೌಕಟ್ಟು ಮೂರು ಜೊತೆ ಮಾಡಿಸಿದರು: ಒಂದರ ಕೆಳಗೆ ಹಾಡು ನಡೆಯುವಾಗ ಇನ್ನೊಂದು ಮುಂದಿನ ಊರಿನಲ್ಲಿ ಏಳುತ್ತಿರುತ್ತದೆ, ಮತ್ತೊಂದು ಹಿಂದಿನ ಊರಿನಲ್ಲಿ ಲಾರಿ ಹತ್ತುತ್ತಿರುತ್ತದೆ. ಉಕ್ಕು ಮೂರು, ದೀಪ ಮತ್ತು ಪರದೆ ಒಂದೇ ಜೊತೆ. ಅವು ಮಾತ್ರ ಪ್ರತಿ ಷೋ ಮುಗಿದ ರಾತ್ರಿಯೇ ಇಳಿದು ಮುಂದಿನ ಊರಿಗೆ ಹೊರಡಬೇಕು. ಲೇಸರ್ ವಿಷಯ ಯಾರಾದರೂ ಪ್ರಶ್ನೆಯಲ್ಲಿ ಕೇಳಿ, ಅಲ್ಲಿ ಹೇಳುತ್ತೇನೆ.