ಬ್ರಹ್ಮಚಾರಿ ಅಂದರೆ ಸಾಕಲ್ವಾ? ಸಾಕಾಗಲ್ಲ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡೋಣ ಅಂತಿದ್ದೆ. ಆದರೆ ಹೋದ ವಿಡಿಯೋ ಕೆಳಗೆ ಒಬ್ಬರು ಬರೆದದ್ದು ಎರಡು ದಿನದಿಂದ ತಲೆ ತಿನ್ನುತ್ತಿದೆ. "ಅಸೆಕ್ಶುಯಲ್ ಅಂತ ಏನಿದು ಹೊಸ ಹೆಸರು? ಬ್ರಹ್ಮಚಾರಿ ಅನ್ನಿ, ಮುಗೀತು. ಇಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ."

ಮುಗಿಯಲ್ಲ ಸ್ವಾಮಿ. ಮೂರು ಬೇರೆ ಬೇರೆ ಸಂಗತಿಯನ್ನು ಒಂದೇ ಚೀಲಕ್ಕೆ ತುಂಬಿದ್ದೀರಿ.

ಬ್ರಹ್ಮಚರ್ಯ ಅನ್ನೋದು ನಿರ್ಧಾರ. ಸೆಳೆತ ಇರುತ್ತದೆ, ಬೇಡ ಅಂತ ಬಿಡುತ್ತಾರೆ. ನಾಳೆ ಮನಸ್ಸು ಬದಲಾದರೆ ನಿರ್ಧಾರವೂ ಬದಲಾಗಬಹುದು. ಅಸೆಕ್ಶುಯಲ್ ಆದವರಿಗೆ ಇನ್ನೊಬ್ಬ ವ್ಯಕ್ತಿಯ ಕಡೆ ಲೈಂಗಿಕ ಸೆಳೆತವೇ ಹುಟ್ಟುವುದಿಲ್ಲ, ಅಥವಾ ತೀರಾ ಅಪರೂಪಕ್ಕೆ ಹುಟ್ಟುತ್ತದೆ. ಅಲ್ಲಿ ತಡೆಯೋದಕ್ಕೆ ಏನೂ ಇಲ್ಲ. ಅವರಲ್ಲಿ ಪ್ರೀತಿಸಿ ಮದುವೆಯಾದವರಿದ್ದಾರೆ, ಸಂಗಾತಿಗಾಗಿ ಒಪ್ಪಿ ಕೂಡುವವರೂ ಇದ್ದಾರೆ. ಅವರನ್ನು ಬ್ರಹ್ಮಚಾರಿ ಅನ್ನೋದು ಹೇಗೆ, ಹೇಳಿ?

ಇನ್ನು ಮೂರನೆಯದು, ಲೈಂಗಿಕ ಆಸೆ ಕಡಿಮೆಯಾಗುವುದು. ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲೇ, ಯಾಕೆಂದರೆ ಇಲ್ಲಿ ತಪ್ಪಿದರೆ ಎರಡೂ ಕಡೆ ಪೆಟ್ಟು. ಇಬ್ಬರು ಹೆಂಗಸರನ್ನು ಊಹಿಸಿಕೊಳ್ಳಿ, ಇಬ್ಬರಿಗೂ 34 ವರ್ಷ. ಮೊದಲನೆಯವರಿಗೆ 33ರವರೆಗೆ ಎಲ್ಲ ಸರಿ ಇತ್ತು. ಖಿನ್ನತೆಗೆ ಮಾತ್ರೆ ಶುರುವಾಯಿತು. ಮೂರು ತಿಂಗಳಲ್ಲಿ ಗಂಡ ಮುಟ್ಟಿದರೂ ಏನೂ ಅನ್ನಿಸದ ಹಾಗಾಯಿತು. "ಏನೋ ಕಳೆದುಕೊಂಡೆ" ಅಂತ ಅಳು. ಎರಡನೆಯವರಿಗೆ ಹದಿನಾರರಲ್ಲೂ ಇಲ್ಲ, ಈಗಲೂ ಇಲ್ಲ. ಗೆಳತಿಯರು "ಅವನು ಹೇಗಿದ್ದಾನೆ ನೋಡೇ" ಅಂದಾಗ ಏನು ನೋಡಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಕಳೆದುಕೊಂಡದ್ದು ಏನೂ ಇಲ್ಲ. ಬೇಜಾರು ಇರುವುದು ಮನೆಯವರ ಪ್ರಶ್ನೆಗಳಿಂದ ಮಾತ್ರ.

ಹೊರಗಿನಿಂದ ಇಬ್ಬರೂ ಒಂದೇ ಥರ ಕಾಣುತ್ತಾರೆ. ಈಗ ಅದಲು ಬದಲು ಮಾಡಿ ನೋಡಿ. ಮೊದಲನೆಯವರಿಗೆ "ನೀವು ಅಸೆಕ್ಶುಯಲ್ ಇರಬೇಕು, ಒಪ್ಪಿಕೊಳ್ಳಿ" ಅಂದರೆ, ಬದಲಾಯಿಸಬಹುದಾದ ಮಾತ್ರೆಯನ್ನು ಅವರು ವರ್ಷಗಟ್ಟಲೆ ನುಂಗುತ್ತಾರೆ. ಥೈರಾಯ್ಡ್ ಕಡಿಮೆಯಾಗುವುದು, ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ಏರುವುದು, ಖಿನ್ನತೆಯೇ ಸ್ವತಃ, ಇವೂ ಹೀಗೇ ಮಾಡುತ್ತವೆ. ರಕ್ತ ಪರೀಕ್ಷೆಯಲ್ಲಿ ಸಿಗಬಹುದಾದದ್ದು ಸಿಗದೇ ಹೋಗುತ್ತದೆ. ಎರಡನೆಯವರಿಗೆ "ಇದು ಕಾಯಿಲೆ" ಅಂದರೆ, ಎಲ್ಲ ರಿಪೋರ್ಟ್ ಸರಿ ಇದ್ದರೂ ಒಂದಾದ ಮೇಲೆ ಒಂದು ಚಿಕಿತ್ಸೆ. ಕೊನೆಗೆ ತಾನೇ ಕೆಟ್ಟು ಹೋಗಿದ್ದೇನೆ ಅಂತ ನಂಬಿ ಕೂರುತ್ತಾರೆ.

"ಸರಿಯಾದವರು ಸಿಕ್ಕಿಲ್ಲ ಅಷ್ಟೇ" ಅಂತ ಬರೆಯುವವರೇ, ಇದನ್ನು ಬೇರೆ ಯಾರಿಗಾದರೂ ಹೇಳುತ್ತೀರಾ? ಹೆಣ್ಣಿನ ಕಡೆ ಮಾತ್ರ ಸೆಳೆತ ಇರುವ ಗಂಡಸಿಗೆ "ಸರಿಯಾದ ಗಂಡಸು ಸಿಕ್ಕಿಲ್ಲ" ಅಂತೀರಾ? ಇಲ್ಲ ತಾನೇ!

"ಇದೆಲ್ಲ ನಿನ್ನೆ ಮೊನ್ನೆ ಹುಟ್ಟಿದ್ದು" ಅನ್ನುವವರಿಗೂ ಒಂದು ಮಾತು. ಜನರ ಲೈಂಗಿಕ ನಡವಳಿಕೆ ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕ ಕಿನ್ಸಿ, 1948ರಲ್ಲೇ ಸೆಳೆತ ಗಂಡಿನ ಕಡೆಗೋ ಹೆಣ್ಣಿನ ಕಡೆಗೋ ಅಂತ ಅಳೆಯುವ ತನ್ನ ಪಟ್ಟಿಯಲ್ಲಿ ಕೂರದವರಿಗೆ ಎಕ್ಸ್ ಅಂತ ಬೇರೆ ಗುಂಪು ಇಟ್ಟಿದ್ದ. 2004ರಲ್ಲಿ ಬೋಗರ್ಟ್ ಅನ್ನುವ ಸಂಶೋಧಕ ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರ ಉತ್ತರ ನೋಡಿದಾಗ, "ಯಾರ ಕಡೆಗೂ ಲೈಂಗಿಕ ಸೆಳೆತ ಆಗಿಯೇ ಇಲ್ಲ" ಅಂದವರು ಸುಮಾರು ನೂರಕ್ಕೆ ಒಬ್ಬರು.

ವೈದ್ಯರ ಪುಸ್ತಕವೂ ಇದನ್ನು ಒಪ್ಪಿದೆ. ಮನೋವೈದ್ಯರು ಬಳಸುವ ಡಿಎಸ್ಎಮ್-5, 2013ರಲ್ಲಿ ಬಂತು. ಆಸೆ ಕಡಿಮೆ ಇರುವುದನ್ನು ತೊಂದರೆ ಅಂತ ಬರೆಯಬೇಕಾದರೆ ಆ ವ್ಯಕ್ತಿಗೆ ಅದರಿಂದ ಸಂಕಟ ಆಗಿರಬೇಕು ಅನ್ನುತ್ತದೆ ಅದು. ಬದುಕಿಡೀ ಆಸೆ ಇಲ್ಲದವರು ತಮ್ಮನ್ನು ಅಸೆಕ್ಶುಯಲ್ ಅಂತ ಗುರುತಿಸಿಕೊಂಡರೆ, ಆ ರೋಗದ ಹೆಸರು ಹಚ್ಚಬೇಡಿ ಅಂತ ಅದರಲ್ಲೇ ಬರೆದಿದೆ. ನೀವು ಡಾಕ್ಟರ್ ಹತ್ರ ಕಳಿಸಿದರೆ ಡಾಕ್ಟರೇ ವಾಪಸ್ ಕಳಿಸಬೇಕು!

ಆದರೆ ಎಲ್ಲ ಕಡೆ ಗೆರೆ ನೇರ ಇರಲ್ಲ. ಮೊದಲಿನಿಂದಲೂ ಆಸೆ ಕಡಿಮೆ, ಸೆಳೆತ ಮಾತ್ರ ಇದೆ, ಅದರಿಂದ ನೋವೂ ಇದೆ ಅನ್ನುವವರಿದ್ದಾರೆ. ಅವರಿಗೆ ಸಹಾಯ ಸಿಗಬೇಕು. ಅಸೆಕ್ಶುಯಲ್ ಆದವರಲ್ಲಿ ಕೆಲವರಿಗೆ ದೇಹದ ಹಸಿವು ಇರುತ್ತದೆ, ಅದು ಯಾರ ಕಡೆಗೂ ತಿರುಗುವುದಿಲ್ಲ ಅಷ್ಟೇ. ಅವರಿಗೂ ಥೈರಾಯ್ಡ್ ಬರಬಹುದು. ಇದ್ದದ್ದು ಹಠಾತ್ತನೆ ನಿಂತರೆ, ನೀವು ಯಾರೇ ಆಗಿರಿ, ಹೋಗಿ ತೋರಿಸಿಕೊಳ್ಳಿ.

ಅದಕ್ಕೇ ಹೇಳೋದು, "ಎಷ್ಟು ದಿನಕ್ಕೊಮ್ಮೆ" ಅಂತ ಕೇಳಬೇಡಿ. "ಮೊದಲು ಇತ್ತಾ?" ಅಂತ ಕೇಳಿ. "ಇಲ್ಲದಿರುವುದು ಯಾರಿಗೆ ಕಷ್ಟ, ನಿಮಗಾ, ಸುತ್ತ ಇರುವವರಿಗಾ?" ಅಂತ ಕೇಳಿ. ಬ್ರಹ್ಮಚಾರಿ ಬ್ರಹ್ಮಚಾರಿ ಅಂತ ಸುಮ್ನೆ ಹಚ್ಚಬೇಡಿ! ಅದು ಬೇರೆ, ಇದು ಬೇರೆ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಈ ವಿಡಿಯೋವನ್ನು ಮನೆ ಗ್ರೂಪಿಗೆ ಹಾಕಿ. ಆ ಕಾಮೆಂಟ್ ಬರೆದವರೇ, ನಿಮ್ಮ ಸಾಲನ್ನು ಅಳಿಸಿಲ್ಲ. ಕೆಳಗೇ ಪಿನ್ ಮಾಡಿದ್ದೇನೆ, ಉತ್ತರ ಬರೆಯಿರಿ.