ಪೇಮೆಂಟ್ ಪುಟದ ತನಕ ಬಂದ ಗಿರಾಕಿ

ಎಲ್ಲರಿಗೂ ನಮಸ್ಕಾರ.

ಮೊದಲು ನಮ್ಮ ಅಕ್ಕನ ಕಥೆ ಹೇಳಿಬಿಡುತ್ತೇನೆ. ಒಂದು ಸಂಜೆ ಅಕ್ಕ ಸೋಫಾದ ಮೇಲೆ ಕೂತು ರೀಲ್ಸ್ ನೋಡುತ್ತಿದ್ದಳು. ನಡುವೆ ಒಂದು ಇಳಕಲ್ ಸೀರೆಯ ಜಾಹೀರಾತು ಬಂತು. ಬೆಲೆ 1,850 ರೂಪಾಯಿ. ಒತ್ತಿದಳು, ಬಣ್ಣ ನೋಡಿದಳು, "ಈಗಲೇ ಕೊಳ್ಳಿ" ಅನ್ನುವುದನ್ನೂ ಒತ್ತಿದಳು. ಆ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. ಹಾಗಾಗಿ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು ನೋಡಿದೆ.

ಲಾಗಿನ್ ಪುಟ ಬಂತು. ಫೋನ್ ನಂಬರ್ ಹಾಕಿದಳು. ಒಟಿಪಿ ನೋಡಲು ಮೆಸೇಜ್ ಆ್ಯಪ್‌ಗೆ ಹೋದಳು. ವಾಪಸ್ ಬಂದರೆ ಇನ್‌ಸ್ಟಾಗ್ರಾಂ ಮೊದಲಿನಿಂದ ತೆರೆದುಕೊಂಡಿತ್ತು. ಮೆಮೊರಿ ಕಡಿಮೆ ಇರುವ ಹಳೆ ಫೋನ್, ಆ್ಯಪ್ ಬದಲಾಯಿಸಿದರೆ ಹಿಂದಿನದನ್ನು ಮುಚ್ಚಿಬಿಡುತ್ತದೆ. ಅಂಗಡಿಯೂ ಇಲ್ಲ, ಕಾರ್ಟೂ ಇಲ್ಲ. ಯಾರೋ ದೋಸೆ ಹೊಯ್ಯುತ್ತಿದ್ದರು. "ತಮ್ಮಾ, ಸೀರಿ ಎಲ್ಲಿ ಹೋತೋ?" ಅಂದಳು. ಆಮೇಲೆ ದೋಸೆಯನ್ನೇ ನೋಡುತ್ತಾ ಕೂತಳು.

ಅವಳಿಗೆ ಸೀರೆ ಬೇಕಿತ್ತು, ದುಡ್ಡೂ ಇತ್ತು. ಆ ಕ್ಲಿಕ್ಕಿಗೆ ಅಂಗಡಿಯವರು ಕಾಸು ಕೊಟ್ಟಾಗಿತ್ತು. ಇವತ್ತಿನ ಮಾತು ಅಷ್ಟೇ: ದುಡ್ಡು ಕೊಟ್ಟು ಕರೆಸಿದ ಗಿರಾಕಿ "ಕೊಳ್ಳಿ" ಒತ್ತಿದ ಮೇಲೆ ಎಲ್ಲಿ ಕಳೆದುಹೋಗುತ್ತಾರೆ ಅನ್ನುವುದು.

ಜಾಹೀರಾತು ಒತ್ತಿದಾಗ ಸಾಮಾನ್ಯವಾಗಿ ತೆರೆಯುವುದು ಕ್ರೋಮ್ ಅಲ್ಲ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಿಗೆ ಒಳಗೇ ಒಂದು ಬ್ರೌಸರ್ ಇದೆ. ಯಾರು ಲಾಗಿನ್ ಆಗಿದ್ದಾರೆ ಅಂತ ನೆನಪಿಟ್ಟುಕೊಳ್ಳುವ ಕುಕೀಗಳು ಅದಕ್ಕೆ ಬೇರೆಯೇ. ನಿಮ್ಮ ಹಳೆ ಗಿರಾಕಿ ಕ್ರೋಮ್‌ನಲ್ಲಿ ಲಾಗಿನ್ ಆಗಿದ್ದರೂ ಇಲ್ಲಿ ಅವರು ಹೊಸಬರೇ. ಕ್ರೋಮ್‌ನಲ್ಲಿ ಉಳಿಸಿಟ್ಟ ವಿಳಾಸ, ಪಾಸ್‌ವರ್ಡ್ ಇಲ್ಲಿ ಸಿಗುತ್ತವೆ ಅಂತ ನಂಬೋಕಾಗಲ್ಲ. ನೀವೇ ಹೆಸರು ಹುಡುಕಿಕೊಂಡು ನಿಮ್ಮ ಸೈಟ್ ತೆರೆದರೆ ಎಲ್ಲವೂ ಸಲೀಸು. ಜಾಹೀರಾತಿನಿಂದ ಬಂದವರಿಗೆ ಅದೇ ಸೈಟ್ ಕಲ್ಲುಮುಳ್ಳಿನ ದಾರಿ. ಅಂಗಡಿ ಮಾಲೀಕರಿಗೆ ತೊಂದರೆ ಕಾಣದೇ ಇರುವುದು ಇದಕ್ಕೇ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಕ್ಲಿಕ್ಕಿಗೆ 8 ರೂಪಾಯಿ, 1,000 ಕ್ಲಿಕ್ಕಿಗೆ 8,000 ರೂಪಾಯಿ. ಅದರಲ್ಲಿ 40 ಜನ "ಕೊಳ್ಳಿ" ಒತ್ತಿದರು, 12 ಜನ ಆರ್ಡರ್ ಮುಗಿಸಿದರು. ಒಂದು ಆರ್ಡರಿಗೆ ಜಾಹೀರಾತಿನ ಖರ್ಚು ಸುಮಾರು 667 ರೂಪಾಯಿ ಬಿತ್ತು. ಸೀರೆಯ ಮೇಲೆ ನಿಮಗೆ ಉಳಿಯುವುದು 500 ಅಂದುಕೊಳ್ಳಿ. ಪ್ರತಿ ಸೀರೆಗೂ 167 ರೂಪಾಯಿ ಕೈಬಿಟ್ಟಿತು. ಅದೇ 40 ಜನರಲ್ಲಿ 20 ಜನ ಮುಗಿಸಿದ್ದರೆ ಖರ್ಚು 400 ಆಗಿ, ಸೀರೆಗೆ 100 ರೂಪಾಯಿ ಉಳಿಯುತ್ತಿತ್ತು. ಜಾಹೀರಾತು ಬದಲಾಗಿಲ್ಲ, ಸೀರೆ ಬದಲಾಗಿಲ್ಲ. ಜಾಸ್ತಿ ಜನ ಮಾಡುವುದು ಇದಕ್ಕೆ ತಿರುಗಾಮುರುಗ: ಆರ್ಡರ್ ಬರುತ್ತಿಲ್ಲ ಅಂತ ಹೊಸ ಫೋಟೋ ತೆಗೆಸುತ್ತಾರೆ, ಬೆಲೆ ಇಳಿಸುತ್ತಾರೆ.

ಮೊದಲ ತಡೆ ಲಾಗಿನ್. ಖಾತೆ ಇಲ್ಲದೆ ಕೊಳ್ಳಲು ಬಿಡಿ ಅಂದರೆ, "ಸರ್, ನಂಬರ್ ಪಕ್ಕಾ ಬೇಕಲ್ವಾ" ಅನ್ನುತ್ತಾರೆ. ನಂಬರ್ ಬೇಕು, ನಿಜ. ಆದರೆ ನಂಬರ್ ಕೇಳುವುದೇ ಬೇರೆ, ಒಟಿಪಿ ಹಾಕಿಸುವುದೇ ಬೇರೆ. ಯುಪಿಐನಲ್ಲಿ 1,850 ರೂಪಾಯಿ ಕಟ್ಟಲು ಹೊರಟವರು ಸುಳ್ಳು ನಂಬರ್ ಯಾಕೆ ಕೊಡುತ್ತಾರೆ? ಸೀರೆ ಬರಬೇಕಾದ್ದು ಅವರ ಮನೆಗೇ. ಅವರು ಕಟ್ಟಿದ ದುಡ್ಡೇ ಪುರಾವೆ. ಸುಳ್ಳು ನಂಬರಿನ ಭಯ ನಿಜವಾಗಿ ಇರುವುದು ಕ್ಯಾಶ್ ಆನ್ ಡೆಲಿವರಿಯಲ್ಲಿ. ಹಾಗಾಗಿ ಒಟಿಪಿಯನ್ನು ಬಾಗಿಲಿನಿಂದ ತೆಗೆದು ಅಲ್ಲಿ ಇಡಿ. ಕ್ಯಾಶ್ ಆನ್ ಡೆಲಿವರಿ ಆರಿಸಿದವರಿಗೆ ಮಾತ್ರ ಒಟಿಪಿ. ಖಾತೆ ಬೇಕಿದ್ದರೆ ಆರ್ಡರ್ ಆದ ಮೇಲೆ ಕೇಳಿ. ಹೆಸರು, ನಂಬರ್, ವಿಳಾಸ ಎಲ್ಲಾ ಆಗ ನಿಮ್ಮ ಹತ್ತಿರವೇ ಇರುತ್ತದೆ.

ಒಟಿಪಿಯ ವಿಷಯದಲ್ಲಿ ನನ್ನದೇ ಒಂದು ಎಡವಟ್ಟು ಇದೆ. ನಮ್ಮಲ್ಲಿ ವ್ಯಾಪಾರದ ಎಸ್‌ಎಂಎಸ್ ಕಳಿಸಲು ಟ್ರಾಯ್ ನಿಯಮದ ಪ್ರಕಾರ ಮೆಸೇಜಿನ ಮಾದರಿಯನ್ನು ಮೊದಲೇ ನೋಂದಾಯಿಸಬೇಕು. ಡಿಎಲ್‌ಟಿ ಅನ್ನುತ್ತಾರಲ್ಲ, ಅದು. ಒಬ್ಬರು ಅಂಗಡಿಯ ಹೆಸರು ಬದಲಾಯಿಸಿದರು. ನಾನು ಒಟಿಪಿ ಮೆಸೇಜಿನಲ್ಲೂ ಹೊಸ ಹೆಸರು ಹಾಕಿದೆ, ನೋಂದಾಯಿಸಿದ ಮಾದರಿ ಹಳೆಯದೇ ಇತ್ತು. ಎರಡೂ ಹೊಂದಲಿಲ್ಲ ಅಂತ ಮೆಸೇಜ್ ದಾರಿಯಲ್ಲೇ ನಿಂತುಹೋಯಿತು. ನನ್ನ ಕಡೆ ಯಾವ ಕೆಂಪು ಅಕ್ಷರವೂ ಕಾಣಲಿಲ್ಲ. ಶನಿವಾರ, ಭಾನುವಾರ ಎರಡೂ ದಿನ ಜಾಹೀರಾತು ಓಡಿತು. ಆರ್ಡರ್ ಸೊನ್ನೆ. ಲಾಗಿನ್ ಕಡ್ಡಾಯ ಆಗಿರದಿದ್ದರೆ ಅಷ್ಟೊಂದು ನಷ್ಟ ಆಗುತ್ತಿರಲಿಲ್ಲ.

ಫಾರಂ ಬಗ್ಗೆ ಜಾಸ್ತಿ ಹೇಳಲ್ಲ. ಇಮೇಲ್ ಕಡ್ಡಾಯ ಮಾಡಬೇಡಿ. ಕೊರಿಯರ್ ಖರ್ಚನ್ನು ಕೊನೆಯ ಪುಟದ ತನಕ ಬಚ್ಚಿಡಬೇಡಿ. 1,850 ಅಂತ ನಂಬಿ ಬಂದವರಿಗೆ ಕೊನೆಗೆ 1,940 ಅಂದರೆ ಸಿಟ್ಟು ಬರುತ್ತದೆ, ಅದು ನ್ಯಾಯವೇ. ಜಾಹೀರಾತು ಕನ್ನಡದಲ್ಲಿ ಇದ್ದು, ಹೆಸರಿನ ಜಾಗದಲ್ಲಿ ಕನ್ನಡ ಬರೆದರೆ ಕೆಂಪು ಗೆರೆ ಬರುತ್ತದೆಯಾ ಅಂತಲೂ ಒಮ್ಮೆ ನೋಡಿ. ಇನ್ನೊಂದು ಸಣ್ಣ ಸಾಲು ಇದೆ, ತುಂಬಾ ಸೈಟುಗಳಲ್ಲಿ ಸಿಗುತ್ತದೆ:

```html
<input type="tel" maxlength="10">
```

ಹತ್ತೇ ಅಂಕಿ ಅಂತ ಬಿಗಿ ಮಾಡಿದ್ದಾರೆ. ಗಿರಾಕಿ ತನ್ನ ನಂಬರನ್ನು +91 ಸೇರಿಸಿ ಪೇಸ್ಟ್ ಮಾಡಿದರೆ ಮೊದಲ ಹತ್ತು ಅಕ್ಷರ ಉಳಿದು, ನಂಬರಿನ ಬಾಲ ಕತ್ತರಿಸಿ ಹೋಗುತ್ತದೆ. ಆಮೇಲೆ "ತಪ್ಪು ನಂಬರ್" ಅಂತ ಅವರನ್ನೇ ಬೈಯುತ್ತದೆ. ಬಿಗಿ ತೆಗೆದುಹಾಕಿ. +91, ಸೊನ್ನೆ, ಖಾಲಿ ಜಾಗ ಏನೇ ಬಂದರೂ ತೆಗೆದುಕೊಂಡು ನಿಮ್ಮ ಕಡೆ ಸರಿ ಮಾಡಿಕೊಳ್ಳಿ.

ಈಗ ಪೇಮೆಂಟ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಯುಪಿಐ ಅಂತ ಒಂದೇ ಹೆಸರು ಇದ್ದರೂ ಪುಟದಲ್ಲಿ ಅದಕ್ಕೆ ಬೇರೆ ಬೇರೆ ದಾರಿ ಇವೆ. ಕ್ಯೂಆರ್ ತೋರಿಸುವುದು ಒಂದು. ಕಂಪ್ಯೂಟರಿನಲ್ಲಿ ಇದು ಚೆನ್ನಾಗಿದೆ. ಆದರೆ ಗಿರಾಕಿ ಫೋನಿನಲ್ಲೇ ಇದ್ದಾರೆ. ತನ್ನ ಫೋನಿನ ಪರದೆಯನ್ನು ಅದೇ ಫೋನಿನಿಂದ ಸ್ಕ್ಯಾನ್ ಮಾಡುವುದು ಹೇಗೆ? ಜನ ಸ್ಕ್ರೀನ್‌ಶಾಟ್ ತೆಗೆದು, ಪೇಮೆಂಟ್ ಆ್ಯಪ್ ತೆರೆದು, ಗ್ಯಾಲರಿಯಿಂದ ಆ ಚಿತ್ರ ಹುಡುಕುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ. ಅಷ್ಟು ಕಷ್ಟ ಪಟ್ಟು ಕೊಳ್ಳುವವರಿಗೆ ಕೈ ಮುಗಿಯಬೇಕು, ಆದರೆ ಎಲ್ಲರೂ ಹಾಗಿರಲ್ಲ.

ಫೋನಿಗೆ ಸರಿಯಾದ ದಾರಿ ಇಂಟೆಂಟ್. ಗಿರಾಕಿ ಬಟನ್ ಒತ್ತುತ್ತಾರೆ, ಅವರ ಪೇಮೆಂಟ್ ಆ್ಯಪ್ ತಾನೇ ತೆರೆಯುತ್ತದೆ. ಮೊತ್ತ ತುಂಬಿರುತ್ತದೆ, ಪಿನ್ ಒತ್ತಿದರೆ ಮುಗಿಯಿತು. ಅದರ ಹಿಂದೆ ಇರುವುದು ಇಂಥ ಒಂದು ಲಿಂಕ್:

```
upi://pay?pa=shop@bank&pn=Shop&am=1850.00&cu=INR&tr=ORD1042
```

`am` ಅಂದರೆ ಮೊತ್ತ, `tr` ಅಂದರೆ ನಿಮ್ಮ ಆರ್ಡರಿನ ಗುರುತು. ಇದನ್ನು ನೋಡಿ ಕೆಲವರು ತಮ್ಮ ಸ್ವಂತ ಯುಪಿಐ ಐಡಿ ಹಾಕಿ ಲಿಂಕ್ ಮಾಡಿಕೊಳ್ಳುತ್ತಾರೆ. ಬೇಡ. ದುಡ್ಡು ಬಂತು ಅನ್ನುವ ಸುದ್ದಿ ನಿಮ್ಮ ಫೋನಿಗೆ ಬರುತ್ತದೆಯೇ ಹೊರತು ವೆಬ್‌ಸೈಟಿಗೆ ಬರಲ್ಲ. ದುಡ್ಡು ಪಡೆದು ನಿಮ್ಮ ಸೈಟಿಗೂ ಸುದ್ದಿ ಮುಟ್ಟಿಸುವ ಪೇಮೆಂಟ್ ಗೇಟ್‌ವೇ ಮೂಲಕವೇ ಹೋಗಿ.

ಈ ಇಂಟೆಂಟ್ ಕ್ರೋಮ್‌ನಲ್ಲಿ ಸಲೀಸಾಗಿ ಕೆಲಸ ಮಾಡುತ್ತದೆ. ಇನ್‌ಸ್ಟಾಗ್ರಾಂ ಒಳಗಿನ ಬ್ರೌಸರಿಗೆ ಮಾತ್ರ ಕೆಲವು ಸಲ `upi://` ಅಂದರೆ ಏನು ಅಂತಲೇ ಗೊತ್ತಾಗಲ್ಲ. ಆಂಡ್ರಾಯ್ಡ್‌ನಲ್ಲಿ `ERR_UNKNOWN_URL_SCHEME` ಅನ್ನುವ ಬಿಳಿ ಪುಟ ಬರುತ್ತದೆ, ಇಲ್ಲವೇ ಬಟನ್ ಒತ್ತಿದರೆ ಏನೂ ಆಗಲ್ಲ. ಗಿರಾಕಿ ಎರಡು ಸಲ ಒತ್ತಿ ಹೊರಟುಹೋಗುತ್ತಾರೆ. ನಿಮಗೆ ಯಾವ ದೂರೂ ಬರಲ್ಲ.

ಇದಕ್ಕೆ ನಾನು ಮಾಡುವುದು ಇಷ್ಟು. ಬ್ರೌಸರ್ ತನ್ನ ಗುರುತಾಗಿ ಕಳಿಸುವ ಸಾಲಿನಲ್ಲಿ `Instagram` ಅಥವಾ ಫೇಸ್‌ಬುಕ್‌ನ `FBAV` ಇದೆಯಾ ನೋಡುತ್ತೇನೆ. ಇದ್ದರೆ ಪೇಮೆಂಟ್ ಪುಟದಲ್ಲಿ "ಕ್ರೋಮ್‌ನಲ್ಲಿ ತೆರೆಯಿರಿ" ಅಂತ ಇನ್ನೊಂದು ಬಟನ್ ಕೊಡುತ್ತೇನೆ, ಜೊತೆಗೆ ಪೇಮೆಂಟ್ ಲಿಂಕ್ ವಾಟ್ಸ್ಆ್ಯಪ್‌ಗೆ ಕಳಿಸುವ ದಾರಿಯನ್ನೂ ಇಡುತ್ತೇನೆ. ಇದು ನಡೆಯಬೇಕಾದರೆ ಕಾರ್ಟ್ ಕುಕೀಯಲ್ಲಿ ಇರಬಾರದು. ಸರ್ವರ್‌ನಲ್ಲಿ ಇರಬೇಕು, ಅದರ ಗುರುತು ಲಿಂಕಿನಲ್ಲೇ ಇರಬೇಕು. ಇಲ್ಲದಿದ್ದರೆ ಕ್ರೋಮ್ ತೆರೆಯುತ್ತದೆ, ಒಳಗೆ ಖಾಲಿ ಕಾರ್ಟ್. ಗುರುತು ಊಹಿಸಲಾಗದಷ್ಟು ಉದ್ದ ಇರಲಿ, ಯಾಕಂದ್ರೆ ಅದರ ಹಿಂದೆ ಒಬ್ಬರ ಮನೆ ವಿಳಾಸ ಇರುತ್ತದೆ.

ಆಮೇಲೆ, ಪಿನ್ ಒತ್ತಿದವರು ನಿಮ್ಮ ಪುಟಕ್ಕೆ ವಾಪಸ್ ಬಂದೇ ಬರುತ್ತಾರೆ ಅಂತ ಇಲ್ಲ. ಪೇಮೆಂಟ್ ಆ್ಯಪ್‌ನಲ್ಲಿ ಹಸಿರು ಟಿಕ್ ಬಂದರೆ ಅವರ ಪಾಲಿಗೆ ಕೆಲಸ ಮುಗಿಯಿತು. ಅಥವಾ ವಾಪಸ್ ಬಂದಾಗ, ಅಕ್ಕನಿಗೆ ಆದ ಹಾಗೆ, ಪುಟವೇ ಇರಲ್ಲ. ಗಿರಾಕಿ ಬಂದಾಗ ಮಾತ್ರ ಆರ್ಡರ್ ಬರೆದುಕೊಳ್ಳುವ ಸೈಟ್ ಆದರೆ ದುಡ್ಡು ಬಂದಿರುತ್ತದೆ, ಆರ್ಡರ್ ಇರಲ್ಲ. ಹಾಗಾಗಿ ಬಟನ್ ಒತ್ತಿದ ತಕ್ಷಣ ಆರ್ಡರನ್ನು "ಬಾಕಿ" ಅಂತ ಬರೆದಿಡಿ. ಗೇಟ್‌ವೇ ನಿಮ್ಮ ಸರ್ವರ್‌ಗೆ ನೇರವಾಗಿ ಕಳಿಸುವ ವೆಬ್‌ಹುಕ್ ಸುದ್ದಿ ಬಂದಾಗ ಅದನ್ನು ಪಕ್ಕಾ ಮಾಡಿ, ಗಿರಾಕಿಗೆ ಮೆಸೇಜ್ ಕಳಿಸಿ. ಪುಟಕ್ಕೆ ವಾಪಸ್ ಬಂದವರಿಗೆ ಉತ್ತರ ಇನ್ನೂ ಬಾಕಿ ಇದ್ದರೆ "ವಿಫಲ" ಅಂತ ತೋರಿಸಬೇಡಿ. "ಬ್ಯಾಂಕಿನ ಉತ್ತರಕ್ಕೆ ಕಾಯುತ್ತಿದ್ದೇವೆ, ಮತ್ತೆ ಕಟ್ಟಬೇಡಿ" ಅನ್ನಿ. ವಿಫಲ ಅಂದರೆ ಅವರು ಇನ್ನೊಮ್ಮೆ ಕಟ್ಟುತ್ತಾರೆ, ಮಾರನೇ ದಿನ ನಿಮಗೆ ಫೋನ್ ಬರುತ್ತದೆ. ಖಾತೆಯಿಂದ ಕಡಿತವಾಗಿ ಅಂಗಡಿಗೆ ಖಾತ್ರಿ ಬರದೇ ಹೋದ ಯುಪಿಐ ಹಣ 5 ದಿನದೊಳಗೆ ತಾನೇ ವಾಪಸ್ ಆಗಬೇಕು ಅಂತ ರಿಸರ್ವ್ ಬ್ಯಾಂಕಿನ 2019ರ ನಿಯಮ ಇದೆ. ಅದನ್ನೂ ಒಂದು ಸಾಲಿನಲ್ಲಿ ಅಲ್ಲೇ ಬರೆದರೆ ಅವರ ಎದೆಬಡಿತ ಕಡಿಮೆ ಆಗುತ್ತದೆ.

ಕಾರ್ಡ್ ಇರಲಿ, ಆದರೆ ಯುಪಿಐನ ಕೆಳಗೆ ಇರಲಿ. ಹೊಸಬರು 16 ಅಂಕಿ ಟೈಪ್ ಮಾಡಬೇಕು, ಮತ್ತೆ ಬ್ಯಾಂಕಿನ ಒಟಿಪಿ ಬೇರೆ. ಅಮೆರಿಕದಲ್ಲಿ ಇರುವ ಕನ್ನಡದವರಿಗೆ ಮಾರುತ್ತೀರಿ ಅಂದರೆ ಮಾತ್ರ ಲೆಕ್ಕ ತಿರುಗುತ್ತದೆ. ಅಲ್ಲಿನವರಿಗೆ ಅಂತರರಾಷ್ಟ್ರೀಯ ಕಾರ್ಡ್ ಬೇಕು. ಗೇಟ್‌ವೇಯಲ್ಲಿ ಅದಕ್ಕೆ ಬೇರೆಯೇ ಅನುಮತಿ ಪಡೆಯಬೇಕಾಗುತ್ತದೆ. ಆರು ಅಂಕಿಯ ಪಿನ್‌ಕೋಡ್ ಕಡ್ಡಾಯ ಮಾಡಿದ ಫಾರಂ ಅವರನ್ನು ಬಾಗಿಲಲ್ಲೇ ತಡೆಯುತ್ತದೆ.

ಕ್ಯಾಶ್ ಆನ್ ಡೆಲಿವರಿ ತೆಗೆದುಹಾಕಲಾ ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮ ಹೆಸರೇ ಕೇಳದವರು ಮೊದಲ ಸಲಕ್ಕೇ ದುಡ್ಡು ಕಟ್ಟಲು ಹೆದರುವುದು ಸಹಜ, ಹಾಗಾಗಿ ನಾನು ತೆಗೆಯಬೇಡಿ ಅನ್ನುತ್ತೇನೆ. ಆದರೆ ಬಾಗಿಲಲ್ಲಿ "ಬೇಡ" ಅಂದ ಸೀರೆ ವಾಪಸ್ ಬರುವಾಗ ಹೋಗಿ ಬರುವ ಎರಡೂ ಖರ್ಚು ನಿಮ್ಮದೇ, ಅಷ್ಟು ದಿನ ಆ ಸೀರೆ ಬೇರೆಯವರಿಗೆ ಮಾರಲೂ ಆಗಲ್ಲ. ಜಾಹೀರಾತಿನ ಲೆಕ್ಕದಲ್ಲಿ ಮಾತ್ರ ಅದು ಆರ್ಡರ್ ಅಂತಲೇ ಕೂತಿರುತ್ತದೆ. ಒಟಿಪಿ ಜೊತೆಗೆ 100 ರೂಪಾಯಿ ಮುಂಗಡ ಕೇಳಿ ನೋಡಿ. ಸುಮ್ನೆ ಒತ್ತಿದವರು ಅಲ್ಲಿಗೇ ನಿಲ್ಲುತ್ತಾರೆ.

ಸೋರುವುದು ಎಲ್ಲಿ ಅಂತ ತಿಳಿಯಲು ನಾಲ್ಕೇ ಎಣಿಕೆ ಸಾಕು: "ಕೊಳ್ಳಿ" ಒತ್ತಿ ಚೆಕ್‌ಔಟ್ ತೆರೆದವರು, ನಂಬರ್ ಹಾಕಿದವರು, ಪೇಮೆಂಟ್ ಒತ್ತಿದವರು, ದುಡ್ಡು ಬಂದವರು. ಇವನ್ನು ಇನ್‌ಸ್ಟಾಗ್ರಾಂ ಬ್ರೌಸರ್ ಮತ್ತು ಉಳಿದವು ಅಂತ ಎರಡು ಸಾಲಿನಲ್ಲಿ ಬರೆಯಿರಿ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಇನ್‌ಸ್ಟಾಗ್ರಾಂ ಸಾಲಿನಲ್ಲಿ ಮಾತ್ರ ದೊಡ್ಡ ಕುಸಿತ ಕಂಡರೆ ಇಂಟೆಂಟನ್ನೇ ಮೊದಲು ಅನುಮಾನಿಸಿ. ಮೊದಲನೆಯದರಲ್ಲೇ ನಿಂತರೆ ಲಾಗಿನ್, ಇಲ್ಲವೇ ಕೊರಿಯರ್ ಖರ್ಚು. ಎರಡೂ ಸಾಲು ಒಂದೇ ಥರ ಕುಸಿದರೆ ತೊಂದರೆ ಬ್ರೌಸರಿನದ್ದಲ್ಲ. ಕಾರ್ಟ್ ಬಿಟ್ಟು ಹೋಗುವವರು ಸರಾಸರಿ 70 ಶೇಕಡಾದ ಹತ್ತಿರ ಅಂತ ಆನ್‌ಲೈನ್ ಅಂಗಡಿಗಳ ಬಗ್ಗೆ ಸಂಶೋಧನೆ ಮಾಡುವ ಬೇಮಾರ್ಡ್ ಸಂಸ್ಥೆ ಲೆಕ್ಕ ಹಾಕಿದೆ. ಅದರಲ್ಲಿ ಸುಮ್ನೆ ನೋಡಿ ಹೋಗುವವರೂ ಸೇರಿದ್ದಾರೆ. ಆ ಅಂಕಿಗೆ ಹೆದರಬೇಡಿ, ಪೇಮೆಂಟ್ ಒತ್ತಿದ ಮೇಲೂ ಹೋದವರನ್ನು ಮಾತ್ರ ಎಣಿಸಿ.

ಅಕ್ಕ ಸೀರೆ ನೋಡಿದ ಸೈಟಿನಲ್ಲಿ, ಅಂದರೆ ನಾನೇ ಮಾಡಿಕೊಟ್ಟ ಸೈಟಿನಲ್ಲಿ, ಲಾಗಿನ್ ಪುಟವನ್ನು ಅವತ್ತು ರಾತ್ರಿಯೇ ತೆಗೆದೆ. ಮಾರನೇ ದಿನ ಆ ಸೀರೆಯ ಲಿಂಕ್ ಕಳಿಸಿದೆ. "ಈಗ ಬ್ಯಾಡೋ, ನಿನ್ನೆ ಬೇಕಿತ್ತು" ಅಂದಳು.